ಮೆಂಬ್ರೇನ್ ಕೆಟ್ಟರೆ ದುಡ್ಡು ಯಾರು ಕೊಡಬೇಕು?

ಆರ್‌ಓ ಯಂತ್ರಗಳ ವಾರಂಟಿ ಕಾರ್ಡಿನಲ್ಲಿ 'ಒಂದು ವರ್ಷ ವಾರಂಟಿ' ಎಂದು ದಪ್ಪಕ್ಷರದಲ್ಲಿದ್ದರೆ, 'ಫಿಲ್ಟರ್, ಮೆಂಬ್ರೇನ್ ಹೊರತುಪಡಿಸಿ' ಎಂಬುದು ಸಣ್ಣಕ್ಷರದಲ್ಲಿ ಇರುವುದುಂಟು. ನೀರಿನ ಲವಣವನ್ನು ತಡೆಯುವುದೇ ಮೆಂಬ್ರೇನ್. ಅದನ್ನು ಬಿಟ್ಟ ವಾರಂಟಿಗೆ ನನ್ನ ಪ್ರಕಾರ ಹೆಚ್ಚು ಅರ್ಥವಿಲ್ಲ. ಆದರೆ ಎಲ್ಲರಿಗೂ ಪುಕ್ಕಟೆ ಬದಲಿಸಿಕೊಡುತ್ತೇವೆಂದು ಬರೆದರೆ, ಗಡಸು ಬೋರ್‌ವೆಲ್ ನೀರಿನ ಊರುಗಳಲ್ಲಿ ಹೊಸ ಕಂಪನಿ ಬಾಳುವುದು ಕಷ್ಟ. ಮೆಂಬ್ರೇನಿನ ಆಯುಸ್ಸು ಒಳಬರುವ ನೀರನ್ನು ಅವಲಂಬಿಸಿರುತ್ತದೆ.

ಹಾಗಾಗಿ ಯಂತ್ರ ಕೂರಿಸಿದ ದಿನವೇ ಒಳಬರುವ ಮತ್ತು ಹೊರಬರುವ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಾಂಶ, ಎರಡನ್ನೂ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು ಎಂಬ ನಿಯಮ ಮೊದಲು ಬರಲಿ. ಕಚ್ಚಾ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದನ್ನು ಪೂರ್ತಿ ಮುಚ್ಚಿಯೇ ಅಳೆಯಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ದಿನ ಒಳಗೆ 1000, ಹೊರಗೆ 80. ಅಂದರೆ ಮೆಂಬ್ರೇನ್ ಶೇ 92ರಷ್ಟು ಲವಣ ತಡೆಯುತ್ತಿದೆ. ಎಂಟು ತಿಂಗಳ ನಂತರ ಒಳಗೆ ಅದೇ 1000, ಹೊರಗೆ 300. ತಡೆ ಶೇ 70ಕ್ಕೆ ಇಳಿದಿದೆ. 'ಒಳನೀರು 1500ರೊಳಗಿದ್ದು, ವರ್ಷದೊಳಗೆ ತಡೆ ಶೇ 80ಕ್ಕಿಂತ ಕಡಿಮೆಯಾದರೆ ಮೆಂಬ್ರೇನ್ ಉಚಿತ' ಎಂದು ಪಾಲಿಸಿಯಲ್ಲಿದ್ದರೆ ಜಗಳಕ್ಕೆ ಎಡೆಯಿಲ್ಲ. ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದು ಒಳನೀರೇ 2000 ದಾಟಿದ್ದರೆ? ಆಗ ಬೆಲೆಯಲ್ಲಿ ಅರ್ಧ ಕಂಪನಿಯದು, ಅರ್ಧ ಮನೆಯವರದು ಎಂದು ಮೊದಲೇ ಬರೆದಿಡುವುದು ನ್ಯಾಯ.

ಕೆಟ್ಟ ಕಾರಣ ಪತ್ತೆ ಮಾಡುವ ಬಗೆಯೂ ಪಾಲಿಸಿಯಲ್ಲಿರಬೇಕು. ನೀರು ಸಣ್ಣಗೆ ಬರತೊಡಗಿದರೆ ಮುಂದಿನ ಫಿಲ್ಟರ್ ಕಟ್ಟಿದೆಯೇ, ಪಂಪಿನ ಒತ್ತಡ ಸರಿಯಿದೆಯೇ ಎಂದು ನೋಡಬೇಕು. ಎರಡೂ ಸರಿಯಿದ್ದರೆ ಮೆಂಬ್ರೇನಿನ ಮೇಲೆ ಸುಣ್ಣದಂಥ ಪದರ ಕೂತಿರುವ ಸಂಭವ ಹೆಚ್ಚು. ನೀರು ಮೊದಲಿಗಿಂತ ಧಾರಾಳವಾಗಿ ಬಂದು ಟಿಡಿಎಸ್ಸೂ ಏರಿದ್ದರೆ ಸೀಲು ಸೋರುತ್ತಿರಬಹುದು, ಇಲ್ಲವೇ ನಲ್ಲಿ ನೀರಿನ ಕ್ಲೋರಿನ್ ಮೆಂಬ್ರೇನನ್ನು ತಿಂದಿರಬಹುದು. ಕ್ಲೋರಿನ್ ಹಿಡಿಯಬೇಕಾದ ಕಾರ್ಬನ್ ಫಿಲ್ಟರನ್ನು ಸಕಾಲಕ್ಕೆ ಬದಲಿಸದಿದ್ದರೆ ಹೀಗಾಗುತ್ತದೆ. ಕಂಪನಿ ನೆನಪಿಸಿದರೂ ಮನೆಯವರು ಬೇಡವೆಂದಿದ್ದರೆ ಖರ್ಚು ಅವರದು. ಕಂಪನಿಯೇ ಬರಲಿಲ್ಲವಾದರೆ ಕಂಪನಿಯದು. ಈ ವಾಕ್ಯ ಕಂಪನಿಗೆ ಭಾರವೆನಿಸಬಹುದು, ಆದರೂ ಅದನ್ನು ಬಿಡಕೂಡದು.

ಸೇವೆಯ ಗಡುವು ಕೊಡುವಾಗ ಕಂಪನಿಗಳು ಊರನ್ನು ಮರೆಯುತ್ತವೆ. ಬೆಂಗಳೂರಿನಲ್ಲಿ 48 ಗಂಟೆ ಸಾಧ್ಯವಿದ್ದರೂ ತಂತ್ರಜ್ಞರೇ ಇಲ್ಲದ ತಾಲ್ಲೂಕಿಗೆ ಅದೇ ಮಾತು ಕೊಡಬಾರದು. ಅಲ್ಲಿಗೆ ಐದು ದಿನ ಎಂದೇ ಬರೆಯಲಿ, ಗಡುವು ಮೀರಿದಷ್ಟು ದಿನ ವಾರಂಟಿಗೆ ಸೇರಿಸಲಿ. ಕುಡಿಯುವ ನೀರಿಗೆ ಬೇರೆ ದಾರಿಯಿಲ್ಲದ ಮನೆಗೆ ಐದು ದಿನವೂ ದೊಡ್ಡದೇ.

ನೀವು ಕೊಳ್ಳುವವರಾದರೆ, ಯಂತ್ರ ಕೂರಿಸಲು ಬಂದವರು ಟಿಡಿಎಸ್‌ನ ಆ ಎರಡು ಅಂಕಿಗಳನ್ನು ಕಾರ್ಡಿನಲ್ಲಿ ಬರೆಯದೆ ಹೊರಟರೆ ಸಹಿ ಹಾಕಬೇಡಿ.