ಮೂವತ್ತಾರು ಗುಣ ಮತ್ತು ಜಗಳದ ಸುಳಿ

ಅಷ್ಟಕೂಟ ಪದ್ಧತಿಯಲ್ಲಿ ವಧೂವರರ ಜನ್ಮನಕ್ಷತ್ರ, ರಾಶಿಗಳನ್ನು ಹೋಲಿಸಿ 36ಕ್ಕೆ ಅಂಕ ಕೊಡುತ್ತಾರೆ. ನಾಡಿಕೂಟಕ್ಕೇ 8 ಅಂಕ. ಅಶ್ವಿನಿ, ಆರ್ದ್ರಾ ಎರಡೂ ಆದಿನಾಡಿಯವಾದ್ದರಿಂದ ಆ ಜೋಡಿಗೆ ಅಲ್ಲಿ ಸೊನ್ನೆ. ಚಂದ್ರ ಒಂದು ನಕ್ಷತ್ರದಲ್ಲಿರುವುದು ಸುಮಾರು ಒಂದು ದಿನ. ಆ ಅವಧಿಯಲ್ಲಿ ಹುಟ್ಟಿದವರೆಲ್ಲರ ನಾಡಿ ಒಂದೇ, ಬೆಳೆದ ಮನೆ ಯಾವುದೇ ಇರಲಿ.

ಮನೋವಿಜ್ಞಾನ ನೋಡುವುದು ಬೆಳೆದ ರೀತಿಯನ್ನು, ಈಗಿನ ನಡವಳಿಕೆಯನ್ನು. 1987ರಲ್ಲಿ ಹೇಜನ್ ಮತ್ತು ಶೇವರ್ ಮಕ್ಕಳ ಬಾಂಧವ್ಯ ಶೈಲಿಗಳನ್ನು ವಯಸ್ಕರ ಪ್ರೇಮಕ್ಕೆ ಅನ್ವಯಿಸಿದರು. ಒಂಟಿಯಾಗುವ ಆತಂಕವಿರುವ ಹೆಂಡತಿ ತಡವಾಗಿ ಬಂದ ಗಂಡನನ್ನು ಪದೇಪದೇ ಪ್ರಶ್ನಿಸುತ್ತಾಳೆ. ಆಪ್ತತೆಗೆ ಹಿಂಜರಿಯುವ ಗಂಡ ಮೌನಕ್ಕೆ ಜಾರುತ್ತಾನೆ. ಮೌನ ಆತಂಕವನ್ನೂ, ಪ್ರಶ್ನೆ ಮೌನವನ್ನೂ ಹೆಚ್ಚಿಸುತ್ತದೆ. 36ರಲ್ಲಿ 30 ಬಂದರೂ ಈ ಸುಳಿ ಅದರಲ್ಲಿ ಕಾಣದು. ಬಾಂಧವ್ಯ ಶೈಲಿಯೂ ಹಣೆಬರಹವಲ್ಲ: ‘ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದವನು ಹೇಳಿದಂತೆ ಮರಳಿದರೆ ಸುಳಿ ಸಡಿಲವಾಗಬಲ್ಲದು.