ಜಾಹೀರಾತು ತಂಡದ ಹೊಸಬರಿಗೆ ಮೊದಲ ತಿಂಗಳು

ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕುವವರನ್ನು ಪೇಯ್ಡ್ ಮೀಡಿಯಾ ತಂಡ ಎನ್ನುತ್ತಾರೆ. ಈ ತಂಡ ಸೇರಿದವರ ಕೈಗೆ ಸಿಗುವುದು ಗ್ರಾಹಕರ ಹಣ. ಬಜೆಟ್ಟಿನಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿದರೆ ₹2,000 ಎಂಬುದು ₹20,000 ಆಗುತ್ತದೆ. ಕ್ಲಿಕ್ಕಿಗೆ ಹೋದ ಹಣ ಸಾಮಾನ್ಯವಾಗಿ ಮರಳುವುದಿಲ್ಲ. ಹಾಗಾಗಿ ಮೊದಲ ತಿಂಗಳ ಪಟ್ಟಿ ನೋಡುವುದರಿಂದ ಶುರುವಾಗಬೇಕು. ಬದಲಾಯಿಸುವ ಕೆಲಸ ಕೊನೆಗಿರಲಿ.

ಮೊದಲ ವಾರ: ಓದುವುದಷ್ಟೇ

ಹೊಸಬರಿಗೆ ಅವರದೇ ಇಮೇಲ್‌ನಿಂದ, ನೋಡಲು ಮಾತ್ರ ಅನುಮತಿ ಕೊಡಿ. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸಿದರೆ ಯಾರು ಏನು ಬದಲಿಸಿದರೆಂದು ತಿಳಿಯದು. ಗೂಗಲ್ ಆ್ಯಡ್ಸ್‌ನ ಚೇಂಜ್ ಹಿಸ್ಟರಿಯಲ್ಲಿ ಪ್ರತಿ ಬದಲಾವಣೆಯೂ ದಿನಾಂಕ, ಇಮೇಲ್ ಸಮೇತ ದಾಖಲಾಗಿರುತ್ತದೆ. ಹಿಂದಿನ ಮೂರು ತಿಂಗಳ ದಾಖಲೆ ಓದಿ, ಅರ್ಥವಾಗದ್ದನ್ನು ಮಾಡಿದವರನ್ನೇ ಕೇಳಲಿ.

ಎರಡನೇ ವಾರ: ಲೆಕ್ಕ ತಾಳೆ ನೋಡುವುದು

ಮನೆಪೀಠೋಪಕರಣದ ಅಂಗಡಿಯೊಂದು ತಿಂಗಳಿಗೆ ₹60,000 ಖರ್ಚು ಮಾಡುತ್ತಿದೆ ಎಂದಿಟ್ಟುಕೊಳ್ಳೋಣ. ಪರದೆಯ ಮೇಲೆ 120 ವಿಚಾರಣೆಗಳು ಕಾಣುತ್ತವೆ; ಒಂದಕ್ಕೆ ₹500 ಬಿತ್ತು. ಅಂಗಡಿಯವರ ಪುಸ್ತಕದಲ್ಲಿರುವುದು 60 ಮಾತ್ರ. ಸರಿಯಾಗಿ ಇಮ್ಮಡಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಎರಡು ಸಲ ಎಣಿಕೆಯಾಗಿರುವುದನ್ನು: ಒಂದೇ ಫಾರಂ ಗೂಗಲ್ ಆ್ಯಡ್ಸ್ ಟ್ಯಾಗ್‌ನಿಂದಲೂ ಅನಲಿಟಿಕ್ಸ್‌ನಿಂದಲೂ ಲೆಕ್ಕಕ್ಕೆ ಬಂದಿರುತ್ತದೆ. ನಿಜವಾದ ವೆಚ್ಚ ₹1,000. ತಪ್ಪು ಎಣಿಕೆಯನ್ನೇ ನಂಬಿ ಸ್ವಯಂಚಾಲಿತ ಬಿಡ್ಡಿಂಗ್ ಹಣ ಸುರಿಯುತ್ತಾ ಹೋಗುತ್ತದೆ. ಹೊಸಬರು ತಾವೇ ಒಂದು ಪರೀಕ್ಷಾ ಫಾರಂ ತುಂಬಿ, ಟ್ಯಾಗ್ ಎಷ್ಟು ಸಲ ಓಡಿತೆಂದು ಟ್ಯಾಗ್ ಅಸಿಸ್ಟೆಂಟ್‌ನಲ್ಲಿ ನೋಡಲಿ.

ಮೂರನೇ ವಾರ: ಬಜೆಟ್ಟಿನ ನಡೆ

ದಿನಕ್ಕೆ ₹2,000 ಇಟ್ಟರೂ ಗೂಗಲ್ ಒಂದು ದಿನ ₹4,000ದವರೆಗೆ ಖರ್ಚು ಮಾಡಬಹುದು. ಬಜೆಟ್ ಬದಲಿಸದಿದ್ದರೆ ತಿಂಗಳ ಮಿತಿ ದಿನದ ಬಜೆಟ್ಟಿನ 30.4 ಪಟ್ಟು, ಅಂದರೆ ₹60,800. ಇದು ಗೊತ್ತಿಲ್ಲದವರು ₹3,600 ಖರ್ಚಾದ ದಿನ ಗಾಬರಿಯಾಗಿ ಬಜೆಟ್ ಇಳಿಸಿಬಿಡುತ್ತಾರೆ. ಆದ್ದರಿಂದ ತಿಂಗಳ ಆರಂಭದಿಂದ ಈವರೆಗಿನ ಒಟ್ಟು ಖರ್ಚನ್ನು ದಿನವೂ ಹಾಳೆಯಲ್ಲಿ ಬರೆದಿಡುವುದು ಈ ವಾರದ ಕೆಲಸ.

ನಾಲ್ಕನೇ ವಾರ: ಒಂದೇ ಬದಲಾವಣೆ

ಈಗ ಸಣ್ಣ ಖಾತೆಯೊಂದರಲ್ಲಿ, ಹಿರಿಯರು ನೋಡಿ ಒಪ್ಪಿದ ಮೇಲೆ, ಒಂದೇ ಒಂದು ಬದಲಾವಣೆ. ಏನು ಬದಲಿಸುತ್ತೇನೆ, ಯಾಕೆ, ಯಾವ ದಿನ ಫಲ ನೋಡುತ್ತೇನೆ ಎಂಬುದನ್ನು ಮೊದಲೇ ಬರೆಯಬೇಕು. ಮೆಟಾದಲ್ಲಿ ಆ್ಯಡ್ ಸೆಟ್ ಕಲಿಕೆಯ ಹಂತ ದಾಟಲು ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು. ನಡುವೆ ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಗೂಗಲ್‌ನಲ್ಲೂ ಇವತ್ತಿನ ಕ್ಲಿಕ್ಕಿನ ವಿಚಾರಣೆ ನಾಲ್ಕು ದಿನ ಬಿಟ್ಟು ಬಂದರೆ ಕ್ಲಿಕ್ಕಾದ ದಿನದ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ನಿನ್ನೆಯ ಅಂಕಿ ಕಡಿಮೆ ಕಂಡಿತೆಂದು ಇವತ್ತೇ ಜಾಹೀರಾತು ನಿಲ್ಲಿಸಬಾರದು.

ತಿಂಗಳ ಕೊನೆಗೆ ಒಂದು ಖಾತೆಯ ಖರ್ಚು, ಎಣಿಕೆ, ಅಂಗಡಿಯ ಪುಸ್ತಕ, ಮೂರನ್ನೂ ಹೊಸಬರು ಯಾರ ನೆರವಿಲ್ಲದೆ ತಾಳೆ ಹಾಕಿ ತೋರಿಸಲಿ. ಬದಲಾಯಿಸುವ ಅನುಮತಿ ಕೊಡುವುದು ಆಮೇಲೆ.