ಸಂಘದ ಕಂಪ್ಯೂಟರ್ ಕಳುವಾದರೆ ವಿಮಾ ಪರಿಹಾರ ಕೇಳುವ ಕ್ರಮ



ಹಿಂದೆ ಸಹಕಾರ ಸಂಘದ ಲೆಕ್ಕವೆಲ್ಲ ದಪ್ಪ ವಹಿಗಳಲ್ಲಿರುತ್ತಿತ್ತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರವು 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಮೇಲೆ ಬೆಳೆಸಾಲದ ಲೆಕ್ಕ, ಷೇರು, ಗೊಬ್ಬರದ ದಾಸ್ತಾನು ಒಂದೊಂದಾಗಿ ಕಂಪ್ಯೂಟರಿಗೆ ಏರುತ್ತಿವೆ. ಈ ಯಂತ್ರ ಕಳುವಾದರೆ ನಷ್ಟ ಯಾರದು? ಸಂಘದ್ದು; ಎಂದರೆ ಷೇರು ಹಾಕಿದ ತಮ್ಮದೇ. ವಿಮೆ ಇದ್ದರೆ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಆದರೆ ವಿಮೆ ಇದ್ದ ಮಾತ್ರಕ್ಕೆ ಹಣ ಬರುವುದಿಲ್ಲ. ಪೊಲೀಸ್ ವರದಿ, ಕಳುವಾದ ವಸ್ತುಗಳ ಪಟ್ಟಿ, ಖರೀದಿಯ ಪುರಾವೆ, ಈ ಮೂರೂ ಒಂದೇ ಮಾತು ಹೇಳಬೇಕು. ಅವುಗಳಲ್ಲಿ ಒಂದು ಬೇರೆ ಮಾತಾಡಿದರೂ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕೆರೆಬಿಳಚಿಯಂಥ ಒಂದು ಊರಿನ ಸಂಘವನ್ನು ಉದಾಹರಣೆಗೆಂದು ಇಟ್ಟುಕೊಳ್ಳೋಣ. ಜನವರಿ 14ರ ರಾತ್ರಿ ಕಚೇರಿಯ ಬೀಗ ಮುರಿದು ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಒಯ್ದಿದ್ದಾರೆ. ಬೆಳಗ್ಗೆ ಬಾಗಿಲು ತೆರೆಯಲು ಬಂದವರು ಮೊದಲು ಮಾಡಬೇಕಾದದ್ದೇನು?

ಮುರಿದ ಬೀಗವನ್ನು ಮುಟ್ಟಬಾರದು, ಕೋಣೆಯನ್ನು ಗುಡಿಸಬಾರದು. ಇದ್ದುದನ್ನು ಇದ್ದಂತೆ ಚಿತ್ರ ತೆಗೆದುಕೊಂಡು, ಸರಹದ್ದಿನ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡತಕ್ಕದ್ದು. ಅದೇ ದಿನ ವಿಮಾ ಕಂಪನಿಗೂ ತಿಳಿಸತಕ್ಕದ್ದು. ದೂರಿನಲ್ಲಿ ಒಂದು ಮಾತು ತಪ್ಪದೆ ಇರಬೇಕು: "ಬೀಗ ಮುರಿದು ಒಳನುಗ್ಗಿದ್ದಾರೆ" ಎಂಬುದು. ಕಚೇರಿಗೆ ಸಾಮಾನ್ಯವಾಗಿ ಮಾಡಿಸುವ ಕನ್ನಗಳವಿನ ವಿಮೆಯು ಬಲವಂತದಿಂದ ಒಳನುಗ್ಗಿದ ಅಥವಾ ಹೊರಬಿದ್ದ ಕಳವಿಗೆ ಮಾತ್ರ ಹಣ ಕೊಡುತ್ತದೆ. ತೆರೆದ ಬಾಗಿಲಿನಿಂದ ಯಾರೋ ಎತ್ತಿಕೊಂಡು ಹೋದರೆ ಅದು ಕಳವೇ ಹೌದು. ಆದರೆ ಆ ಪಾಲಿಸಿಯ ಲೆಕ್ಕಕ್ಕೆ ಬಾರದು. ಪಾಲಿಸಿಯಲ್ಲಿ ಈ ಷರತ್ತು ಬರೆದಿದ್ದರೆ ಅದನ್ನು ಬರೆದಂತೆಯೇ ಓದಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹರ್‌ಚಂದ್ ರಾಯ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ಠಾಣೆಯಲ್ಲಿ ದೂರು ಕೊಟ್ಟ ಸ್ವೀಕೃತಿ ಚೀಟಿಯೇ ಸಾಕೆಂದು ತಿಳಿಯಬಾರದು. ಕಂಪನಿ ಕೇಳುವುದು ಪ್ರಥಮ ವರ್ತಮಾನ ವರದಿಯನ್ನು. ಅದರ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆಯಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಪ್ರತಿ ಕೈಗೆ ಬಂದೊಡನೆ ಅದರಲ್ಲಿ ಯಾವ ಕಲಮು ಹಾಕಿದ್ದಾರೆಂದು ನೋಡಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೀಗ ಮುರಿದು ನುಗ್ಗುವುದಕ್ಕೆ 331ನೆಯ ಕಲಮು, ಕಟ್ಟಡದೊಳಗಿನ ಕಳವಿಗೆ 305ನೆಯ ಕಲಮು ಇವೆ. ಬರಿಯ ಸಾಮಾನ್ಯ ಕಳವಿನ 303 ಮಾತ್ರ ಇದ್ದರೆ, ಮುರಿದ ಬೀಗದ ಸಂಗತಿ ವರದಿಯಲ್ಲಿ ಬಂದಿದೆಯೇ ಎಂದು ಠಾಣೆಯ ಅಧಿಕಾರಿಗಳನ್ನು ವಿನಯದಿಂದ ಕೇಳಿರಿ. ಪೊಲೀಸರು ಬರೆಯುವ ಸ್ಥಳ ಮಹಜರಿನಲ್ಲಿಯೂ ಬೀಗದ ಮಾತು ಇರಬೇಕು.

ಇನ್ನು ಪಟ್ಟಿಯ ವಿಷಯ. "ಎರಡು ಕಂಪ್ಯೂಟರ್" ಎಂದಷ್ಟೇ ಬರೆದರೆ ಯಾವ ಕಂಪ್ಯೂಟರ್ ಎಂಬುದು ಯಾರಿಗೂ ತಿಳಿಯದು. ಎತ್ತಿಗೆ ಬರೆ, ಕಿವಿಗುರುತು ಇದ್ದಂತೆ ಪ್ರತಿ ಯಂತ್ರಕ್ಕೂ ತಯಾರಕರ ಕ್ರಮಸಂಖ್ಯೆ ಉಂಟು. ಅದು ಯಂತ್ರದ ಬೆನ್ನಿನ ಚೀಟಿಯಲ್ಲಿ, ತಂದ ಪೆಟ್ಟಿಗೆಯ ಮೇಲೆ, ಹಲವು ವೇಳೆ ಬಿಲ್ಲಿನಲ್ಲಿಯೂ ಇರುತ್ತದೆ. ದೂರಿನಲ್ಲಿ, ಪಟ್ಟಿಯಲ್ಲಿ, ಬಿಲ್ಲಿನಲ್ಲಿ ಅದೇ ಸಂಖ್ಯೆ ಇರಬೇಕು. ದೂರು ಕೊಟ್ಟ ಮೇಲೆ ಪ್ರಿಂಟರೂ ಹೋಗಿದೆಯೆಂದು ಗೊತ್ತಾದರೆ, ಅದನ್ನು ಕಂಪನಿಯ ಪಟ್ಟಿಗೆ ಮಾತ್ರ ಸೇರಿಸಬೇಡಿರಿ. ಮೊದಲು ಠಾಣೆಗೆ ಹೋಗಿ ಮುಂದುವರಿದ ಹೇಳಿಕೆ ಕೊಟ್ಟು, ಅದರ ಪ್ರತಿ ಪಡೆದ ಮೇಲೆಯೇ ಸೇರಿಸಿರಿ. ವರದಿಯಲ್ಲಿಲ್ಲದ ವಸ್ತು ಪಟ್ಟಿಯಲ್ಲಿ ಕಂಡರೆ ಉಳಿದವುಗಳ ಮೇಲೂ ಸಂಶಯ ಬೀಳುತ್ತದೆ.

ಬಿಲ್ಲು ಸಿಗದಿದ್ದರೆ ಎದೆಗುಂದಬೇಕಾಗಿಲ್ಲ. ಮಾರಿದ ಅಂಗಡಿಯವರಿಂದ ನಕಲು ಬಿಲ್ಲು ಕೇಳಬಹುದು. ಅದರೊಡನೆ ಹಣ ಸಂದಾಯವಾದ ಬ್ಯಾಂಕಿನ ಲೆಕ್ಕ, ಖರೀದಿಗೆ ಒಪ್ಪಿದ ಆಡಳಿತ ಮಂಡಳಿಯ ಠರಾವು, ದಾಸ್ತಾನು ವಹಿಯ ಪುಟ, ಲೆಕ್ಕ ಪರಿಶೋಧನೆಯ ವರದಿ ಇವನ್ನು ಕೊಡಬಹುದು. ಸರ್ಕಾರದ ಯೋಜನೆಯಿಂದ ಬಂದ ಯಂತ್ರಕ್ಕೆ ಸಂಘದ ಹೆಸರಿನ ಬಿಲ್ಲು ಇಲ್ಲದಿರಬಹುದು. ಆಗ ಯಂತ್ರ ಇಳಿಸಿಕೊಂಡಾಗ ಸಹಿ ಮಾಡಿದ ಸರಬರಾಜು ಚೀಟಿಯೇ ಆಧಾರ. ಅಂಥ ಯಂತ್ರವು ಸಂಘದ ಪಾಲಿಸಿಯಲ್ಲಿ ಸೇರಿದೆಯೇ ಎಂದು ಮುಂಚಿತವಾಗಿಯೇ ಕೇಳಿ ತಿಳಿಯಬೇಕು.

ಪತ್ರವು ಚಿಕ್ಕದಾಗಿರಲಿ. ಮಾದರಿ ಹೀಗಿದೆ:

"ಇವರಿಗೆ,
ಶಾಖಾ ವ್ಯವಸ್ಥಾಪಕರು, ವಿಮಾ ಕಂಪನಿ.

ವಿಷಯ: ಪಾಲಿಸಿ ಸಂಖ್ಯೆ ...... ರ ಕೆಳಗೆ ಕನ್ನಗಳವಿನ ಪರಿಹಾರ ಕೋರಿಕೆ.

ಮಾನ್ಯರೇ,
ಜನವರಿ 14ರ ಸಂಜೆ 6 ಗಂಟೆಗೆ ನಮ್ಮ ಸಂಘದ ಕಚೇರಿಗೆ ಬೀಗ ಹಾಕಲಾಗಿತ್ತು. 15ರ ಬೆಳಗ್ಗೆ 9 ಗಂಟೆಗೆ ನೋಡಲಾಗಿ ಮುಂಬಾಗಿಲ ಬೀಗ ಮುರಿದಿದ್ದು, ಕೆಳಗಿನ ವಸ್ತುಗಳು ಕಳುವಾಗಿದ್ದವು. ಅದೇ ದಿನ ...... ಠಾಣೆಯಲ್ಲಿ ಅಪರಾಧ ಸಂಖ್ಯೆ ...... ದಾಖಲಾಗಿದೆ.

1. ಕಂಪ್ಯೂಟರ್, ತಯಾರಕರು ......, ಕ್ರಮಸಂಖ್ಯೆ ......, ಬಿಲ್ ಸಂಖ್ಯೆ ಮತ್ತು ತಾರೀಖು ......, ಬೆಲೆ 42,000 ರೂ.
2. ಅದೇ ಬಗೆಯದು, ಕ್ರಮಸಂಖ್ಯೆ ......, ಅದೇ ಬಿಲ್, ಬೆಲೆ 42,000 ರೂ.
3. ಪ್ರಿಂಟರ್, ತಯಾರಕರು ......, ಕ್ರಮಸಂಖ್ಯೆ ......, ಬಿಲ್ ......, ಬೆಲೆ 16,000 ರೂ.
ಒಟ್ಟು 1,00,000 ರೂ.

ಪ್ರಥಮ ವರ್ತಮಾನ ವರದಿ, ಮಹಜರು, ಬಿಲ್ಲುಗಳು, ದಾಸ್ತಾನು ವಹಿಯ ಪುಟ, ಚಿತ್ರಗಳು ಇವುಗಳ ಪ್ರತಿ ಲಗತ್ತಿಸಿದೆ. ಸಮೀಕ್ಷಕರನ್ನು ಕಳುಹಿಸಿ ಪರಿಹಾರ ಮಂಜೂರು ಮಾಡಬೇಕಾಗಿ ಕೋರುತ್ತೇವೆ.

ಮುಖ್ಯ ಕಾರ್ಯನಿರ್ವಹಣಾಧಿಕಾರಿ (ಸಹಿ, ಮೊಹರು)"

ಪತ್ರ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಪಡೆಯಿರಿ. ಮೂಲ ಬಿಲ್ಲನ್ನು ಕೇಳಿ ಪಡೆದರೆ ಅದಕ್ಕೂ ರಸೀದಿ ಪಡೆಯಿರಿ.

ಒಂದು ಲಕ್ಷಕ್ಕೆ ಬರೆದರೆ ಒಂದು ಲಕ್ಷವೇ ಬರುವುದೆಂದು ಎಣಿಸಬಾರದು. ವರ್ಷಗಳ ಬಳಕೆಯಿಂದ ಯಂತ್ರದ ಬೆಲೆ ಇಳಿದಿರುತ್ತದೆ. ಸಮೀಕ್ಷಕರು ಸವಕಳಿ ಶೇಕಡ 40 ಎಂದು ಹಿಡಿದರೆ ನಷ್ಟ 60,000 ರೂಪಾಯಿಗೆ ಇಳಿಯುತ್ತದೆ. ಇದರ ಮೇಲೆ ಇನ್ನೊಂದು ಕಡಿತವೂ ಬರಬಹುದು. ಕಚೇರಿಯ ವಿಮೆಗೊಳಪಟ್ಟ ಎಲ್ಲ ಯಂತ್ರಗಳ ಈಗಿನ ಬೆಲೆ 2,00,000 ರೂಪಾಯಿ ಇದ್ದು, ಕಂತು ಉಳಿಸಲು 1,50,000ಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಸಂಘವು ಮುಕ್ಕಾಲು ಪಾಲಿಗಷ್ಟೇ ವಿಮೆ ಮಾಡಿಸಿದಂತಾಯಿತು. ಪರಿಹಾರವೂ ಮುಕ್ಕಾಲು ಪಾಲೇ: 45,000 ರೂಪಾಯಿ. ಪಾಲಿಸಿಯಲ್ಲಿ ಸಂಘವೇ ಹೊರಬೇಕೆಂದು ಬರೆದ ಮೊತ್ತವಿದ್ದರೆ ಅದನ್ನೂ ಕಳೆಯುತ್ತಾರೆ. ಹೊಸ ಯಂತ್ರದ ಬೆಲೆಯನ್ನೇ ಕೊಡುವ ಪಾಲಿಸಿಗಳೂ ಉಂಟು. ತಮ್ಮ ಸಂಘದ್ದು ಯಾವ ಬಗೆಯದೆಂದು ಪಾಲಿಸಿ ಓದಿಯೇ ತಿಳಿಯಬೇಕು. ಯಂತ್ರದೊಳಗಿದ್ದ ಸದಸ್ಯರ ಲೆಕ್ಕಕ್ಕೆ ಈ ಕನ್ನಗಳವಿನ ವಿಮೆಯಲ್ಲಿ ಬೆಲೆಯಿಲ್ಲ. ಅದರ ಪ್ರತಿಯನ್ನು ಬೇರೆ ಕಡೆ ಇಡುವುದೊಂದೇ ದಾರಿ.

ಮಾಲು ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಕೊಡುವ "ಸಿ" ವರದಿಯನ್ನು ಕಂಪನಿ ಸಾಮಾನ್ಯವಾಗಿ ಕೇಳುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯಬಹುದು. ಅಲ್ಲಿಯವರೆಗೆ ಉಳಿದ ಕಾಗದಗಳನ್ನು ತಡೆದಿಡಬೇಡಿರಿ. ಕಂಪನಿ ಕಾರಣವಿಲ್ಲದೆ ನಿರಾಕರಿಸಿದರೆ ಲಿಖಿತ ಕಾರಣ ಕೇಳಿ ಪಡೆದು, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸಹಕಾರ ಸಂಘಕ್ಕೂ ಈ ಹಕ್ಕು ಉಂಟು.

ಮುಂದಿನ ಸರ್ವಸದಸ್ಯರ ಸಭೆಗೆ ಹೋದಾಗ ತಾವು ಎರಡು ಪ್ರಶ್ನೆ ಕೇಳಿರಿ: ಯಂತ್ರಗಳ ಕ್ರಮಸಂಖ್ಯೆ ದಾಸ್ತಾನು ವಹಿಯಲ್ಲಿ ಬರೆದಿದೆಯೇ? ಆ ವಹಿಯ ಮತ್ತು ಬಿಲ್ಲುಗಳ ಒಂದು ಪ್ರತಿ ಕಚೇರಿಯ ಹೊರಗೆ ಎಲ್ಲಿದೆ? ಕಂಪ್ಯೂಟರಿನ ಬಿಲ್ಲನ್ನು ಅದೇ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟಿದ್ದರೆ, ಕಳ್ಳನು ಪುರಾವೆಯನ್ನೂ ಜೊತೆಗೇ ಒಯ್ಯುತ್ತಾನೆ.